ಡಬ್ಬಿಗೆ ಅನ್ನ ಕೊನೆಗೆ

ಕೇಳಿದವರು, ಕಾರವಾರ:
ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮುಂದಿನ ಶನಿವಾರ ಸಹೋದ್ಯೋಗಿಗಳ ಎದುರು ಇಪ್ಪತ್ತು ನಿಮಿಷ ಮಾತನಾಡಬೇಕಿದೆ. ಗಡಿಬಿಡಿಯ ದಿನ ಸಮತೋಲಿತ ಊಟದ ಡಬ್ಬಿ ಕಟ್ಟುವುದು ಹೇಗೆ ಎಂಬುದು ವಿಷಯ. ನಾವು ಇಪ್ಪತ್ತೆರಡು ಜನ, ಅರ್ಧಕ್ಕಿಂತ ಹೆಚ್ಚು ಮಂದಿ ಮೀನು ತಿನ್ನುವವರು. ಬೆಳಿಗ್ಗೆ ಏಳೂವರೆಗೆ ಕಟ್ಟಿದ ಡಬ್ಬಿಯನ್ನು ತೆರೆಯುವುದು ಒಂದೂವರೆಗೆ. ಮೂರು ಗಂಟೆಗೆ ಎಲ್ಲರೂ ತೂಕಡಿಸುತ್ತೇವೆ. ಪೋಷಕಾಂಶಗಳ ಪಟ್ಟಿ ಓದಿದರೆ ಯಾರೂ ಕೇಳುವುದಿಲ್ಲ. ಅನುಭವವಿದ್ದವರು ಹೇಳಿ.

ಅಂಕೋಲಾದ ಒಬ್ಬರು:
ಇಪ್ಪತ್ತೆರಡು ಜನರಾದರೆ ಹಿಂದಿನ ದಿನ ಸಂಜೆಯೇ ಖಾನಾವಳಿಗೆ ಹೇಳಿಬಿಡಿ. ತಲೆಗೊಂದು ಬಂಗಡೆ ಸಾಕು. ಶಾಕಾಹಾರಿಗಳ ಸೌಟು ಬೇರೆಯೇ ಇರಲಿ, ಇಲ್ಲದಿದ್ದರೆ ಜಗಳವಾಗುತ್ತದೆ. ಸೋಲ್ ಕಡಿ ಮರೆಯಬೇಡಿ.

ಕೇಳಿದವರು:
ಊಟ ತರಿಸುವುದಲ್ಲ ಅಣ್ಣ, ಊಟದ ಬಗ್ಗೆ ಮಾತನಾಡುವುದು.

ಅಂಕೋಲಾದವರು:
ಊಟವಿಲ್ಲದೆ ಊಟದ ಮಾತೇ? ಶನಿವಾರ ಯಾರು ಬರುತ್ತಾರೆ ನೋಡೋಣ.

ಕುಮಟಾದ ನಿವೃತ್ತ ಗೃಹವಿಜ್ಞಾನ ಉಪನ್ಯಾಸಕಿ:
ಹಿಂದೊಮ್ಮೆ ಒಂದು ಕಚೇರಿಯಲ್ಲಿ ನಾನೂ ಇದೇ ವಿಷಯದ ಬಗ್ಗೆ ಮಾತನಾಡಿದ್ದೆ. ಮೊದಲ ಹತ್ತು ನಿಮಿಷ ವಿಟಮಿನ್ ಎಂದೆ, ಖನಿಜಾಂಶ ಎಂದೆ. ಹಿಂದಿನ ಸಾಲಿನಲ್ಲಿದ್ದವರು ಮೊಬೈಲ್ ತೆಗೆದರು. ಆಗ ಚೀಲದಲ್ಲಿದ್ದ ಅಡುಗೆಮನೆಯ ತಕ್ಕಡಿಯನ್ನು ಮೇಜಿನ ಮೇಲಿಟ್ಟು, ಯಾರಾದರೂ ನಿಮ್ಮ ಡಬ್ಬಿ ಕೊಡಿ ಎಂದು ಕೇಳಿದೆ. ಒಬ್ಬ ಗುಮಾಸ್ತರು ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ತಂದರು. ಅಲ್ಲಿಂದ ಮುಂದೆ ಯಾರೂ ಏಳಲಿಲ್ಲ. ಬೇರೆಯವರ ಡಬ್ಬಿಯಲ್ಲಿ ಏನಿದೆ ಎಂದು ನೋಡುವ ಕುತೂಹಲ ನಮ್ಮಲ್ಲಿ ಯಾರಿಗಿಲ್ಲ ಹೇಳಿ.

ಕೆಳಗಿನ ಡಬ್ಬಿಯಲ್ಲಿ ಅನ್ನ, 400 ಗ್ರಾಂ. ನಡುವೆ ಸಾರು. ನಾಲ್ಕು ಜನರ ಸಾರಿಗೆ ಒಂದು ಹಿಡಿ ಬೇಳೆ ಹಾಕಿದ್ದೆಂದು ಅವರೇ ಹೇಳಿದರು, ಅಂದರೆ ಇವರ ಪಾಲಿಗೆ ಬಂದದ್ದು 10 ಗ್ರಾಂ ಬೇಳೆ. ಮೇಲಿನ ಡಬ್ಬಿಯಲ್ಲಿ ತೊಂಡೆಕಾಯಿ ಪಲ್ಯ ಎರಡು ಚಮಚ, 35 ಗ್ರಾಂ. ಪ್ರೋಟೀನ್ ಲೆಕ್ಕ ಹಾಕಿದರೆ ಅನ್ನದಿಂದ ಸುಮಾರು 10 ಗ್ರಾಂ, ಬೇಳೆಯಿಂದ 2, ಪಲ್ಯದಿಂದ ಹೆಸರಿಗಷ್ಟೇ. ಅವರ ತೂಕ 60 ಕೆಜಿ. ದಿನಕ್ಕೆ ಕೆಜಿಗೆ 0.83 ಗ್ರಾಂ ಎಂಬ ಶಿಫಾರಸಿನ ಪ್ರಕಾರ 50 ಗ್ರಾಂ ಬೇಕು, ಮಧ್ಯಾಹ್ನದ ಪಾಲು 16 ರಿಂದ 17. ಅಲ್ಲಿ ಕೊರತೆ ಇದ್ದದ್ದು ನಾಲ್ಕೈದು ಗ್ರಾಮಿನದ್ದು ಮಾತ್ರ. ನಿಜವಾದ ಬರಗಾಲ ತರಕಾರಿಯದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಎಂದಿದೆ. ಇವರ ಡಬ್ಬಿಯಲ್ಲಿದ್ದದ್ದು ಅದರ ಹತ್ತನೆಯ ಒಂದು ಪಾಲಿಗೂ ಕಡಿಮೆ. ರಾತ್ರಿ ಮನೆಗೆ ಹೋಗಿ 365 ಗ್ರಾಂ ಪಲ್ಯ ತಿನ್ನುತ್ತೀರಾ ಎಂದು ಕೇಳಿದಾಗ ಎಲ್ಲರೂ ನಕ್ಕರು.

ಆಮೇಲೆ ಕ್ಯಾರಿಯರ್‌ನ ಡಬ್ಬಿಗಳನ್ನೇ ಅದಲುಬದಲು ಮಾಡಿದೆ. ಕೆಳಗಿನ ಆಳದ ಡಬ್ಬಿಗೆ ಪಲ್ಯ, ನಡುವಿನದಕ್ಕೆ ಅನ್ನ, ಮೇಲಿನದಕ್ಕೆ ಹೆಸರುಕಾಳಿನ ಉಸಲಿ. ತುಂಬುವಾಗಲೂ ಪಲ್ಯ ಮೊದಲು, ಕಾಳು ಆಮೇಲೆ, ಅನ್ನ ಕೊನೆಗೆ. ಅನ್ನವೇ ಮೊದಲು ಬಿದ್ದರೆ ಉಳಿದ ಪದಾರ್ಥಕ್ಕೆ ಉಳಿದ ಜಾಗ ಮಾತ್ರ ಸಿಗುತ್ತದೆ. ಆ ಗುಮಾಸ್ತರಿಗೆ ಹೇಳಿದ ಅಳತೆ ಇಷ್ಟು: 130 ಗ್ರಾಂ ಹರಿವೆ ಅಥವಾ ಅಲಸಂದೆ ಪಲ್ಯ, ಒಂದು ಹಿಡಿ ಅಂದರೆ 40 ಗ್ರಾಂ ಒಣ ಹೆಸರುಕಾಳು ನೆನೆಸಿ ಮಾಡಿದ ಉಸಲಿ, 220 ಗ್ರಾಂ ಅನ್ನ, ಒಂದು ಬಾಳೆಹಣ್ಣು. ಪ್ರೋಟೀನ್ 17ರ ಆಸುಪಾಸಿಗೆ ಬಂತು, ಒಟ್ಟು ಕ್ಯಾಲರಿ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು. ಅದು ಮುಖ್ಯ. ಅನೇಕರು ಅನ್ನ ಕಡಿಮೆ ಮಾಡುತ್ತಾರೆ, ಆ ಜಾಗಕ್ಕೆ ಏನನ್ನೂ ಸೇರಿಸುವುದಿಲ್ಲ. ನಾಲ್ಕೂಕಾಲಿಗೆ ಕೈ ಮೇಜಿನ ಖಾನೆಯ ಬಿಸ್ಕತ್ತಿನ ಕಡೆಗೆ ಹೋದರೆ ಡಬ್ಬಿಯಲ್ಲಿ ಕಾಳು ಸಾಲದಾಗಿದೆ ಎಂದು ತಿಳಿಯಿರಿ.

ತೂಕಡಿಕೆಯ ವಿಷಯದಲ್ಲಿ ಭರವಸೆ ಕೊಡಬೇಡಿ. ಅನ್ನದ ರಾಶಿ ಇಳಿದರೆ ಹಲವರಿಗೆ ಹಗುರವೆನಿಸುವುದು ನಿಜ. ಆದರೆ ಮಧ್ಯಾಹ್ನ ಎಚ್ಚರ ಸ್ವಲ್ಪ ಇಳಿಯುವುದು ದೇಹದ ಸ್ವಭಾವ. ರಾತ್ರಿ ಹನ್ನೆರಡಕ್ಕೆ ಮಲಗುವವರಿಗೆ ಯಾವ ಉಸಲಿಯೂ ಸಹಾಯ ಮಾಡುವುದಿಲ್ಲ.

ಕೈಗಾ ಕಡೆಯ ಒಬ್ಬರು:
ಇಷ್ಟೆಲ್ಲ ತೂಕ ಯಾಕೆ ಮೇಡಂ? ಅನ್ನವನ್ನೇ ಬಿಟ್ಟು ಚಪಾತಿ ತರಲಿ. ನಾನು ಎರಡು ವರ್ಷದಿಂದ ನಾಲ್ಕು ಚಪಾತಿ ಮತ್ತು ಬಟಾಟೆ ಪಲ್ಯ ಒಯ್ಯುತ್ತಿದ್ದೇನೆ. ನಿದ್ದೆ ಹತ್ತಿರ ಸುಳಿಯುವುದಿಲ್ಲ.

ಉಪನ್ಯಾಸಕಿ:
ನಿದ್ದೆ ಬಾರದಿದ್ದರೆ ಸಂತೋಷ ಸರ್. ಆದರೆ ಚಪಾತಿಗೆ 30 ಗ್ರಾಂ ಹಿಟ್ಟು ಎಂದುಕೊಂಡರೂ ನಾಲ್ಕಕ್ಕೆ 120 ಗ್ರಾಂ ಆಯಿತು. ಅದರ ಕ್ಯಾಲರಿ 300 ಗ್ರಾಂ ಅನ್ನಕ್ಕಿಂತ ಕಡಿಮೆಯೇನಲ್ಲ. ಗೋಧಿಯಲ್ಲಿ ಪ್ರೋಟೀನ್ ಮತ್ತು ನಾರು ಹೆಚ್ಚು, ಅಷ್ಟರ ಮಟ್ಟಿಗೆ ನೀವು ಸರಿ. ಜೊತೆಗಿರುವ ಬಟಾಟೆಯನ್ನು ಮಾತ್ರ ನಾನು ತರಕಾರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚಪಾತಿ ಇರಲಿ, ಬಟಾಟೆಯ ಜಾಗಕ್ಕೆ ಕಾಳು ಮತ್ತು ಸೊಪ್ಪು ಬರಲಿ.

ಕೈಗಾ ಕಡೆಯವರು:
ಬಟಾಟೆ ತರಕಾರಿ ಅಂಗಡಿಯಲ್ಲೇ ಸಿಗುತ್ತದಲ್ಲ ಮೇಡಂ.

ಶಿರಸಿಯಿಂದ ಕುಮಟಾಕ್ಕೆ ಓಡಾಡುವ ಬ್ಯಾಂಕ್ ಉದ್ಯೋಗಿ:
ನನ್ನ ಕಷ್ಟ ಬೇರೆ. ಡಬ್ಬಿಯಲ್ಲಿ ಎಲ್ಲವೂ ಇರುತ್ತದೆ, ಆದರೆ ದೇವಿಮನೆ ಘಾಟಿಯ ತಿರುವುಗಳು ಮುಗಿಯುವಷ್ಟರಲ್ಲಿ ಒಂದೆಲಗದ ತಂಬುಳಿ ಚೀಲದಲ್ಲಿರುತ್ತದೆ. ಒಮ್ಮೆ ಸಾಲದ ಅರ್ಜಿಯೊಂದು ಹಸಿರಾಗಿ ವ್ಯವಸ್ಥಾಪಕರ ಮೇಜಿಗೆ ಹೋಯಿತು. ಚೆಲ್ಲದ ದಿನ ಹುಳಿಯುತ್ತಿತ್ತು. ಹಸಿ ತೆಂಗಿನಕಾಯಿ ರುಬ್ಬಿದ್ದು ಕೆಳಗಿನ ಸೆಕೆಗೆ ಮಧ್ಯಾಹ್ನದವರೆಗೆ ತಡೆಯುವುದಿಲ್ಲ. ಈಗ ಒಂದೆಲಗ, ಜೀರಿಗೆ, ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ನೀರು ಹಾಕದೆ ಅರೆದು ಪುಟ್ಟ ಡಬ್ಬಿಗೆ ಹಾಕುತ್ತೇನೆ. ಕಾಯಿ ಹಾಕುವುದಿಲ್ಲ. ಮಜ್ಜಿಗೆಯನ್ನು ಬೇರೆ ಬಾಟಲಿಯಲ್ಲಿ ಒಯ್ದು ಊಟದ ಹೊತ್ತಿಗೆ ಕಲಸುತ್ತೇನೆ. ಅತ್ತೆಯವರ ಪ್ರಕಾರ ಕಾಯಿಯಿಲ್ಲದ್ದು ತಂಬುಳಿಯೇ ಅಲ್ಲ. ಅವರು ಘಾಟಿ ಇಳಿಯುವುದಿಲ್ಲವಲ್ಲ.

ಭಟ್ಕಳದ ಒಬ್ಬರು:
ಹಾಳಾಗುವ ಭಯವಿದ್ದರೆ ಒಲೆಯಿಂದ ಇಳಿಸಿದ ತಕ್ಷಣ ಬಿಸಿಬಿಸಿಯಾಗಿ ತುಂಬಿ ಗಟ್ಟಿಯಾಗಿ ಮುಚ್ಚಬೇಕು. ಬಿಸಿಯಿದ್ದಲ್ಲಿ ಕ್ರಿಮಿ ಬೆಳೆಯುವುದಿಲ್ಲ. ನಮ್ಮ ಮನೆಯಲ್ಲಿ ಯಾವಾಗಲೂ ಹೀಗೆಯೇ.

ಉಪನ್ಯಾಸಕಿ:
ನಿಮ್ಮ ಮನೆಯಲ್ಲಿರುವುದು ಎರಡು ಗೋಡೆಯ ಹಾಟ್ ಕ್ಯಾರಿಯರ್ ಇರಬೇಕು. ಅದಾದರೆ ನಿಮ್ಮ ಮಾತು ನಿಜ. ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಅಂಚಿನವರೆಗೆ ತುಂಬಬೇಕು. ಒಂದೂವರೆಗೆ ತೆರೆದಾಗ ಹಬೆ ಏಳಬೇಕು, ಉಷ್ಣಮಾಪಕವಿದ್ದರೆ 60 ಡಿಗ್ರಿಗಿಂತ ಮೇಲೆ ತೋರಿಸಬೇಕು. ಸಾದಾ ಸ್ಟೀಲ್ ಡಬ್ಬಿಯಲ್ಲಿ ಆಗುವುದು ತದ್ವಿರುದ್ಧ. ಗಂಟೆಯೊಳಗೆ ಉಗುರುಬೆಚ್ಚಗಾಗಿ ಹಾಗೆಯೇ ನಿಲ್ಲುತ್ತದೆ, ಮುಚ್ಚಳದ ನೀರು ಅನ್ನಕ್ಕೆ ಹನಿಯುತ್ತದೆ. ಕ್ರಿಮಿಗಳಿಗೆ ಬೇಕಾದದ್ದೂ ಅದೇ.

ಎಲ್ಲರೂ ಮೀನಿಗೆ ಹೆದರುತ್ತಾರೆ, ಅನ್ನಕ್ಕೆ ಹೆದರುವುದಿಲ್ಲ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಬಹಳ ಹೊತ್ತು ಕುಳಿತರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ, ವಾಸನೆಯಿಂದ ಗೊತ್ತಾಗುವುದೂ ಇಲ್ಲ. ರಾತ್ರಿಯೆಲ್ಲ ಹೊರಗಿದ್ದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕುವುದು ಆದ್ದರಿಂದಲೇ ಕೆಟ್ಟ ಅಭ್ಯಾಸ. ಸಾದಾ ಡಬ್ಬಿಯವರು ಅನ್ನವನ್ನು ತಟ್ಟೆಯಲ್ಲಿ ಹರಡಿ ಹತ್ತು ನಿಮಿಷ ಆರಿಸಿ ತುಂಬಲಿ, ಕಚೇರಿ ತಲುಪಿದ ಕೂಡಲೇ ಫ್ರಿಜ್ಜಿನಲ್ಲಿಡಲಿ, ಊಟಕ್ಕೆ ಮುಂಚೆ ಚೆನ್ನಾಗಿ ಬಿಸಿ ಮಾಡಲಿ. ಏಳೂವರೆಯಿಂದ ಒಂದೂವರೆ ಎಂದರೆ ಆರು ಗಂಟೆ. ಹೊರಗಿಟ್ಟ ಅಡುಗೆಗೆ ನಾಲ್ಕು ಗಂಟೆಯೇ ಗಡುವು ಎಂದು ನಾವು ಪಾಠ ಮಾಡುತ್ತಿದ್ದೆವು.

ಹೊನ್ನಾವರದ ಶಿಕ್ಷಕಿ:
ಅಕ್ಕಾ, ಎಲ್ಲ ಸರಿ. ಆದರೆ ಐದೂವರೆಗೆ ಎದ್ದು ಹರಿವೆ ಸೋಸುವವರು ಯಾರು? ಆ ಸಭೆಯಲ್ಲಿ ಕುಳಿತ ಗಂಡಸರಲ್ಲಿ ಎಷ್ಟು ಮಂದಿ ತಮ್ಮ ಡಬ್ಬಿಯನ್ನು ತಾವೇ ಕಟ್ಟುತ್ತಾರೆ ಎಂದು ಮೊದಲು ಕೈ ಎತ್ತಿಸಿ. 130 ಗ್ರಾಂ ಬೆಂದ ಹರಿವೆಗೆ ಒಂದು ದೊಡ್ಡ ಕಟ್ಟೇ ಬೇಕು, ಬಾಣಲೆಯಲ್ಲಿ ಅದು ಕುಗ್ಗುವುದನ್ನು ನೋಡಿದವರಿಗೆ ಗೊತ್ತು. ನಮ್ಮ ಮನೆಯಲ್ಲಿ ರಾತ್ರಿ ಪಾತ್ರೆ ತೊಳೆದ ಮೇಲೆ ಇವರು ಸೊಪ್ಪು ಸೋಸಿ, ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡುತ್ತಾರೆ. ಕಾಳು ನೆನೆಹಾಕುವುದು ಮಗನ ಕೆಲಸ. ಬೆಳಿಗ್ಗೆ ನನಗೆ ಉಳಿಯುವುದು ಕುಕ್ಕರ್ ಮತ್ತು ಒಗ್ಗರಣೆ, ಇಪ್ಪತ್ತೈದು ನಿಮಿಷ. ಇದು ಒಂದೇ ಸಲಕ್ಕೆ ಆದದ್ದಲ್ಲ. ಮೂರು ವಾರ ಕಾಳು ನೆನೆಯಲೇ ಇಲ್ಲ, ನಾನೂ ಮೂರು ವಾರ ಬರೀ ಮೊಸರನ್ನ ಕಟ್ಟಿಕೊಟ್ಟೆ.

ಕಾರವಾರದ ಇನ್ನೊಬ್ಬರು, ಬೈತಖೋಲ್ ಕಡೆಯವರು:
ಮೀನಿನವರ ಬಗ್ಗೆ ಯಾರೂ ಹೇಳಲಿಲ್ಲ. ಸಾಧಾರಣ ಗಾತ್ರದ ಒಂದು ಬಂಗಡೆಯಲ್ಲಿ ಮುಳ್ಳು, ತಲೆ ಕಳೆದು 80 ಗ್ರಾಂ ಸಿಕ್ಕರೆ ಹದಿನೈದು ಗ್ರಾಂ ಪ್ರೋಟೀನ್ ಬರುತ್ತದೆ ಎಂದು ಮಗಳು ಲೆಕ್ಕ ಮಾಡಿ ಹೇಳಿದಳು. ಅವಳು ನರ್ಸಿಂಗ್ ಓದುತ್ತಿದ್ದಾಳೆ. ಡಬ್ಬಿಗೆ ಕಾಯಿ ಅರೆದ ಹುಮಣ ಬೇಡ, ಬೇಗ ಕೆಡುತ್ತದೆ. ರವೆ ಹಚ್ಚಿ ಕಾವಲಿಯಲ್ಲಿ ಹುರಿದದ್ದು ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ತಾಜಾ ಮೀನು ತುಟ್ಟಿ. ಆಗ ನಾವು ಒಣಸೀಗಡಿ ಚಟ್ನಿ ಒಯ್ಯುತ್ತೇವೆ. ಅದೂ ಮೀನೇ, ಅದೇ ಶಕ್ತಿ.

ಉಪನ್ಯಾಸಕಿ:
ಅದೇ ಶಕ್ತಿ ಹೌದು, ಆದರೆ ಚಟ್ನಿಯನ್ನು ನೀವು ತಿನ್ನುವುದು ಒಂದು ಚಮಚ. ಉಪ್ಪಿನ ಹೊರೆಯೂ ಇದೆ, ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುತ್ತಾರೆ. ಆ ಎರಡು ತಿಂಗಳು ಚಟ್ನಿ ರುಚಿಗೆ ಇರಲಿ, ಜೊತೆಗೆ ಎರಡು ಮೊಟ್ಟೆ ಅಥವಾ ಉಸಲಿ ಬೇಕು.

ಬೈತಖೋಲ್ ಕಡೆಯವರು:
ಮೊಟ್ಟೆ ಸರಿ. ಉಸಲಿ ನಮ್ಮವರು ತಿನ್ನುವುದಿಲ್ಲ, ನಾನು ಈಗಲೇ ಹೇಳಿಬಿಡುತ್ತೇನೆ.

ಕೇಳಿದವರು:
ನಿನ್ನೆ ರಾತ್ರಿ ನನ್ನ ಡಬ್ಬಿಯನ್ನೇ ತೂಗಿದೆ. ಅನ್ನ 370, ಕುಂಬಳಕಾಯಿ ಪಲ್ಯ 50, ದಾಳಿ ತೊವೆ ಅಷ್ಟಿಷ್ಟು. ಇವತ್ತು ತುಂಬುವ ಕ್ರಮ ಬದಲಿಸಿದೆ. ಪಲ್ಯ ಕೆಳಗಿನ ಡಬ್ಬಿಗೆ ಹೋದದ್ದರಿಂದ ಅರ್ಧ ಡಬ್ಬಿ ಖಾಲಿ ಕಂಡು ಮನೆಯಲ್ಲಿ ಇನ್ನಷ್ಟು ಪಲ್ಯ ಹಾಕಿದರು. ಹೇಳಬೇಕಾಗಿಯೇ ಬರಲಿಲ್ಲ. ಶನಿವಾರ ತಕ್ಕಡಿ ಒಯ್ಯುತ್ತೇನೆ, ಕೈ ಎತ್ತಿಸುವ ಪ್ರಶ್ನೆಯನ್ನೂ ಕೇಳುತ್ತೇನೆ, ಏಟು ಬಿದ್ದರೆ ಹೊನ್ನಾವರಕ್ಕೆ ದೂರು ಬರುತ್ತದೆ. ಒಂದು ಮಾತ್ರ ಬಗೆಹರಿದಿಲ್ಲ. ನಮ್ಮಲ್ಲಿ ಇರುವುದು ಒಂದೇ ಫ್ರಿಜ್, ಒಂದೇ ಮೈಕ್ರೋವೇವ್. ಬಂಗಡೆ ಬಿಸಿ ಮಾಡಿದ ಮೇಲೆ ಶಾಕಾಹಾರಿಗಳು ಅದರ ಬಾಗಿಲು ಮುಟ್ಟುವುದಿಲ್ಲ. ಅವರ ಅನ್ನ ಆರು ಗಂಟೆ ಮೇಜಿನ ಮೇಲೆಯೇ ಉಳಿಯುತ್ತದೆ. ಇದಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದೀರಾ?

ಶಿರಸಿಯ ಬ್ಯಾಂಕ್ ಉದ್ಯೋಗಿ:
ನಮ್ಮಲ್ಲಿ ಶಾಕಾಹಾರಿಗಳು ಒಂದಕ್ಕೆ, ಉಳಿದವರು ಒಂದೂಕಾಲಿಗೆ. ವ್ಯವಸ್ಥಾಪಕರು ಬಂಗಡೆ ತರಲು ಶುರುಮಾಡಿ ಒಂದಕ್ಕೇ ಊಟಕ್ಕೆ ಕೂರುವವರೆಗೆ ಚೆನ್ನಾಗಿ ನಡೆಯಿತು.

ಅಂಕೋಲಾದವರು:
ಅದಕ್ಕೇ ಹೇಳಿದ್ದು, ಖಾನಾವಳಿಗೆ ಹೇಳಿಬಿಡಿ ಎಂದು.