ಹಡಗಿನಲ್ಲಿರುವ ಹುಡುಗ, ಮನೆಯವರು ಹೋಗುವ ಮೊದಲು ಏನು ಕೇಳಬೇಕು?

ಪ್ರಶ್ನೆ (ಅಂಕೋಲಾದಿಂದ): ತಂಗಿಗೆ ಮ್ಯಾಟ್ರಿಮೊನಿ ಆ್ಯಪ್‌ನಲ್ಲಿ ಒಂದು ಸಂಬಂಧ ಬಂದಿದೆ. ಹುಡುಗನಿಗೆ 29, ಮರ್ಚಂಟ್ ನೇವಿಯಲ್ಲಿ ಚೀಫ್ ಆಫೀಸರ್ ಅಂತೆ. ಮೂಲ ಸದಾಶಿವಗಡ, ಮನೆಯವರು ಮುಂಬೈನಲ್ಲಿ. ಮೂರು ವಾರದಿಂದ ಮಾತಾಡುತ್ತಿದ್ದಾರೆ. ವಿಡಿಯೋ ಕಾಲ್ ಮಾತ್ರ ಆಗುವುದೇ ಇಲ್ಲ. ಒಂದೂವರೆ ವರ್ಷದಿಂದ ಶಿಪ್ಪಿನಲ್ಲೇ ಇದ್ದೇನೆ, ಇಳಿದ ಕೂಡಲೇ ನಿಶ್ಚಯ ಮಾಡೋಣ ಎನ್ನುತ್ತಾನೆ. ಅಪ್ಪ ಮುಂಬೈಗೆ ಟಿಕೆಟ್ ಮಾಡಲು ಹೊರಟಿದ್ದಾರೆ. ಹೋಗಬಹುದಾ?

ಕುಮಟಾದ ಒಬ್ಬ ಸದಸ್ಯರು: ಸುಮ್ನೆ ಅನುಮಾನ ಪಡಬೇಡಿ. ನನ್ನ ಭಾವನೂ ಶಿಪ್ಪಿನಲ್ಲಿದ್ದ. ನಡು ಸಮುದ್ರದಲ್ಲಿ ನೆಟ್‌ವರ್ಕ್ ಎಲ್ಲಿಂದ ಬರಬೇಕು?

ಉತ್ತರ (ಕುಮಟಾ, ವಧೂವರ ಕೇಂದ್ರ ನಡೆಸುವವರು): ಭಾವನ ಮಾತು ಅರ್ಧ ಸರಿ. ಈಗ ಹಲವು ಹಡಗುಗಳಲ್ಲಿ ವೈಫೈ ಇದೆ, ಕೆಲವದರಲ್ಲಿ ತೀರಾ ನಿಧಾನ. ಹಾಗಾಗಿ ಒಂದು ಕಾಲ್ ಕತ್ತರಿಸಿದ್ದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಹಡಗು ಬಂದರಿಗೆ ಬರುತ್ತದಲ್ಲ? ಮೂರು ವಾರದಲ್ಲಿ ಒಂದು ಸಲವೂ ಐದು ನಿಮಿಷ ಮುಖ ತೋರಿಸಲಿಲ್ಲ ಅಂದರೆ ಕೇಳಲೇಬೇಕು.

ನನಗೆ ಹೆಚ್ಚು ಚುಚ್ಚಿದ್ದು ಆ ಒಂದೂವರೆ ವರ್ಷ. ಆಫೀಸರ್‌ಗಳ ಕರಾರು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು. ಕೆಳಗಿನ ಸಿಬ್ಬಂದಿಗೆ ಒಂಬತ್ತು ತಿಂಗಳವರೆಗೂ ಇರುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವರ್ಷ ತುಂಬುವ ಮೊದಲೇ ಇಳಿಸಬೇಕು. ಕೊರೋನಾ ಕಾಲದಲ್ಲಿ ಅನೇಕರು ಸಿಕ್ಕಿಹಾಕಿಕೊಂಡಿದ್ದು ನಿಜ. ಈಗ ಆ ನೆಪ ನಡೆಯುವುದಿಲ್ಲ.

ತಂಗಿ ಒಂದೇ ಒಂದು ಮಾತು ಕೇಳಲಿ: ಹಡಗಿನ ಹೆಸರು ಮತ್ತು ಐಎಂಒ ನಂಬರು. ಅದು ಏಳು ಅಂಕಿಯದು, ಹಡಗು ಮಾರಾಟವಾಗಿ ಹೆಸರು ಬದಲಾದರೂ ಬದಲಾಗುವುದಿಲ್ಲ. ಒಂದೇ ಹೆಸರಿನ ಹಡಗುಗಳು ಎಷ್ಟೋ ಇರುತ್ತವೆ, ಅದಕ್ಕೇ ನಂಬರು ಬೇಕು. MarineTraffic ಜಾಲತಾಣದಲ್ಲಿ ಹಾಕಿದರೆ ಹಡಗು ಎಲ್ಲಿದೆ ಎಂದು ಕಾಣುತ್ತದೆ. ನಡು ಸಮುದ್ರದಲ್ಲಿದ್ದರೆ ಉಚಿತವಾಗಿ ನೋಡುವವರಿಗೆ ಹಳೆಯ ಜಾಗ ಕಾಣಿಸಬಹುದು, ಅದಕ್ಕೆ ಗಾಬರಿ ಬೇಡ. ಅವನು ನಿನ್ನೆ ಸಿಂಗಾಪುರದಲ್ಲಿದ್ದೆ ಎಂದಿದ್ದು, ಹಡಗು ವಾರದಿಂದ ಬ್ರೆಜಿಲ್‌ನಲ್ಲಿ ನಿಂತಿದ್ದರೆ ಮಾತ್ರ ಉತ್ತರ ಸಿಕ್ಕಿತು.

ಶಿರಸಿಯಿಂದ: ನಮ್ಮದೂ ಇದೇ ಕಥೆ ಅಕ್ಕ. ನಮ್ಮ ಹುಡುಗಿಗೆ ಬಂದ ಸಂಬಂಧದಲ್ಲಿ "20 ಎಕರೆ ಅಡಿಕೆ ಜಮೀನು" ಎಂದು ಹಾಕಿದ್ದರು. ಹೋಗಿ ನೋಡಿದರೆ ತೋಟ ಎರಡೆಕರೆ, ಉಳಿದದ್ದೆಲ್ಲ ಸೊಪ್ಪಿನ ಬೆಟ್ಟ!

ವಧೂವರ ಕೇಂದ್ರದವರು: ಹ್ಞೂಂ, ನಮ್ಮ ಜಿಲ್ಲೆಯಲ್ಲಿ ಎಕರೆ ತೋಟಕ್ಕೆ ಒಂಬತ್ತೆಕರೆಯ ತನಕ ಬೆಟ್ಟ, ಅಲ್ಲಿಗೆ 20 ಸರಿಯಾಗಿ ಕೂಡಿತು ನೋಡಿ. ಬೆಟ್ಟ ತೋಟಕ್ಕೆ ಸೊಪ್ಪು ತರಲು ಸಿಕ್ಕ ಸವಲತ್ತು, ಮಾರುವ ಆಸ್ತಿ ಅಲ್ಲ. ಸರ್ವೆ ನಂಬರು ಕೇಳಿ, ಪಹಣಿಯಲ್ಲಿ 9ನೇ ಕಾಲಂ, 11ನೇ ಕಾಲಂ ನೋಡಿದ್ದರೆ ಹೆಸರು, ಸಾಲ ಎರಡೂ ಮನೆಯಲ್ಲೇ ಕುಳಿತು ಗೊತ್ತಾಗುತ್ತಿತ್ತು. ಆದರೆ ಇಲ್ಲಿ ಅದರ ಮಾತಲ್ಲ ಮಾರಾಯ್ರೇ.

ಪ್ರಶ್ನೆ ಕೇಳಿದವರು: ಕೇಳಿದೆವು. ಸೆಕ್ಯೂರಿಟಿ ಕಾರಣಕ್ಕೆ ಹಡಗಿನ ಹೆಸರು ಹೇಳುವ ಹಾಗಿಲ್ಲವಂತೆ. ತಂಗಿ ಹಟ ಹಿಡಿದ ಮೇಲೆ "ನನ್ನನ್ನೇ ನಂಬುವುದಿಲ್ಲವಾ" ಎಂದು ಎರಡು ದಿನ ಮಾತು ಬಿಟ್ಟ.

ಕಾರವಾರದಿಂದ (ನಿವೃತ್ತ ಸೆಕೆಂಡ್ ಎಂಜಿನಿಯರ್): 29ಕ್ಕೆ ಚೀಫ್ ಆಫೀಸರ್ ಆಗಬಹುದು, ಆ ವಿಷಯದಲ್ಲಿ ಅವನಿಗೆ ಅನ್ಯಾಯ ಮಾಡಬೇಡಿ. ಕಡಲ್ಗಳ್ಳರ ಭಯವಿರುವ ಕಡೆ ಹಡಗಿನ ಜಾಗ ತೋರಿಸುವ ಸಿಗ್ನಲ್ ಆರಿಸುವುದೂ ಉಂಟು. ಆದರೆ ಹಡಗಿನ ಹೆಸರು ನನ್ನ ಅಮ್ಮನಿಗೂ ಬಾಯಿಪಾಠ ಇತ್ತು! ಅದರಲ್ಲಿ ಗುಟ್ಟೇನಿಲ್ಲ. ಸಿಡಿಸಿ ಅಂದರೆ ನಾವಿಕರ ಸೇವಾ ದಾಖಲೆಯ ಪುಸ್ತಕ, ಅದರ ಫೋಟೊ ಕಳಿಸಿದರೂ ನಂಬಬೇಡಿ, ತಿದ್ದುವುದು ಸುಲಭ.

ವಧೂವರ ಕೇಂದ್ರದವರು: ಆ ಎರಡು ದಿನದ ಮುನಿಸು ನನಗೆ ಹೊಸದಲ್ಲ. ನನ್ನ ಹತ್ತಿರ ಬಂದ ಒಂದು ಪ್ರಕರಣದಲ್ಲಿ ಮುನಿಸು ಮುಗಿದ ಮೇಲೆ ಫೋನು ಬಂತು: ಹಡಗಿನಿಂದ ಇಳಿಸಿಬಿಟ್ಟಿದ್ದಾರೆ, ವಿಮಾನದ ಟಿಕೆಟ್‌ಗೆ 60 ಸಾವಿರ ಹಾಕು. ಅಲ್ಲೇ ಸಿಕ್ಕಿಬಿದ್ದ. ಕರಾರು ಮುಗಿಸಿದವನನ್ನು ಊರಿಗೆ ಕಳಿಸುವ ಖರ್ಚು ಕಂಪನಿಯದು. ನಿಮ್ಮ ಹುಡುಗ ಇನ್ನೂ ಹಣ ಕೇಳಿಲ್ಲ, ಕೇಳದೆಯೂ ಇರಬಹುದು. ಕೇಳಿದರೆ ಕೊಡಬೇಡಿ, ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸದಾಶಿವಗಡದಲ್ಲಿ ಯಾವ ವಾಡೆ, ಯಾರ ಮನೆ ಪಕ್ಕ ಎಂದು ಅವನ ತಾಯಿಯನ್ನೇ ಕೇಳಿಸಿ. ಅಲ್ಲಿ ಹತ್ತು ಮನೆ ತಿರುಗಿದರೆ ಗೊತ್ತಾಗುವ ವಿಷಯ.

ಪ್ರಶ್ನೆ ಕೇಳಿದವರು: ತಾಯಿ ಎಂದು ಒಬ್ಬರು ನಿನ್ನೆ ಅಪ್ಪನಿಗೆ ಫೋನ್ ಮಾಡಿದ್ದರು. ಅಪ್ಪ ಕೊಂಕಣಿಯಲ್ಲಿ ಶುರು ಮಾಡಿದರೆ ಅವರು ಹಿಂದಿ ಬಿಟ್ಟು ಬೇರೆ ಮಾತಾಡಲಿಲ್ಲ. ಅಪ್ಪ ಮಾತ್ರ, ಮುಂಬೈನಲ್ಲೇ ಹುಟ್ಟಿ ಬೆಳೆದಿರಬಹುದು ಎನ್ನುತ್ತಿದ್ದಾರೆ.

ವಧೂವರ ಕೇಂದ್ರದವರು: ಇರಬಹುದು, ಅಪ್ಪನ ಮಾತನ್ನು ತಳ್ಳಿಹಾಕುವುದಿಲ್ಲ. ಟಿಕೆಟ್ ಮಾತ್ರ ಬೇಡ. ಮುಂಬೈ ಮನೆಯ ಪೂರ್ತಿ ವಿಳಾಸ ಕೇಳಿ, ಅಲ್ಲಿರುವ ನಿಮ್ಮವರು ಯಾರಾದರೂ ಮೊದಲು ಆ ಬಾಗಿಲು ನೋಡಿ ಬರಲಿ.