ಬೀಥೋವನ್ 9ನೇ ಸಿಂಫನಿಯ ಸ್ಕೆರ್ಟ್ಸೊ: ನಾಲ್ಕರ ಎಣಿಕೆ 234ನೇ ಬಾರ್‌ನಲ್ಲಿ ತಪ್ಪುತ್ತಿದೆ

ಎಣಿಕೆಗಾರ: ಎರಡನೇ ಚಲನೆಯನ್ನು ಸ್ವರಲಿಪಿ ಮುಂದಿಟ್ಟುಕೊಂಡು ಕೇಳುತ್ತಿದ್ದೇನೆ. ನಾಲ್ಕು ಬಾರ್‌ಗಳಿಗೊಂದು ಗುಂಪು ಎಂದು ಪೆನ್ಸಿಲ್‌ನಿಂದ ಗುರುತು ಹಾಕಿದೆ. 9ನೇ ಬಾರ್‌ನಿಂದ ಸುಂದರವಾಗಿ ಹೊಂದುತ್ತದೆ. 177ನೇ ಬಾರ್‌ಗೆ ಬಸೂನ್ ಥೀಮ್ ಎತ್ತಿಕೊಂಡಾಗ ಮತ್ತೆ ಒಂದರಿಂದ ಎಣಿಸಿದೆ. ಅಲ್ಲಿಂದ ಒಮ್ಮೆ ಹೊಂದುತ್ತದೆ, ಒಮ್ಮೆ ಹೊಂದುವುದಿಲ್ಲ. 234ಕ್ಕೆ ಬರುವಾಗ ನನ್ನ ಎಣಿಕೆ ‘ಎರಡು’ ಎನ್ನುತ್ತದೆ, ಕಿವಿ ‘ಒಂದು’ ಎನ್ನುತ್ತದೆ. ಎಲ್ಲಿ ತಪ್ಪಿದೆ?

ಮಂದ್ರ: 177ರಲ್ಲಿ ಸ್ವರಲಿಪಿಯಲ್ಲೇ ‘ರಿತ್ಮೋ ದಿ ತ್ರೆ ಬತ್ತೂತೆ’ ಎಂದು ಬರೆದಿದೆಯಲ್ಲ. ಮೂರು ಬಾರ್‌ಗಳ ಲಯ ಎಂದರ್ಥ. ಅಂದರೆ 177ರಿಂದ ಮೀಟರ್ ಬದಲಾಗಿ 9/4 ಆಗುತ್ತದೆ, ವೇಗವೂ ಸ್ವಲ್ಪ ಇಳಿಯುತ್ತದೆ.

ಹಳೆಯ ವಯೋಲಾ: ಮಂದ್ರ ಅವರೇ, ಮೊದಲ ಮಾತು ಸರಿ, ಉಳಿದದ್ದು ಸರಿಯಲ್ಲ. 3/4 ಹಾಗೆಯೇ ಉಳಿಯುತ್ತದೆ, ವೇಗವೂ ಬದಲಾಗುವುದಿಲ್ಲ. ಬೀಥೋವನ್ ಕೊಟ್ಟಿರುವ ಮೆಟ್ರೊನೋಮ್ ಗುರುತು ನಿಮಿಷಕ್ಕೆ 116 ಬಾರ್. ಒಂದು ಬಾರ್‌ಗೆ ಸಿಗುವುದು ಅರ್ಧ ಸೆಕೆಂಡಿನಷ್ಟು ಕಾಲ ಮಾತ್ರ. ಆದ್ದರಿಂದ ಇಡೀ ಬಾರ್ ನಮ್ಮ ಕಿವಿಗೆ ಒಂದೇ ಬಡಿತವಾಗುತ್ತದೆ. ಆ ಬಡಿತಗಳು ನಾಲ್ಕು ನಾಲ್ಕಾಗಿಯೋ ಮೂರು ಮೂರಾಗಿಯೋ ಕೂಡಿಕೊಳ್ಳುವ ಮಟ್ಟವೇ ಹೈಪರ್‌ಮೀಟರ್. ಬದಲಾಗುವುದು ಅದೊಂದೇ.

ಎಣಿಕೆಗಾರರೇ, ನಿಮ್ಮ ಪೆನ್ಸಿಲ್ ಗುರುತುಗಳನ್ನೇ ನೋಡೋಣ. 9ರಿಂದ ಹೊಂದಲು ಕಾರಣವಿದೆ: ಎರಡನೇ ವಯಲಿನ್ 9ರಲ್ಲಿ, ವಯೋಲಾ 13ರಲ್ಲಿ, ಚೆಲ್ಲೊ 17ರಲ್ಲಿ, ಮೊದಲ ವಯಲಿನ್ 21ರಲ್ಲಿ, ಡಬಲ್ ಬಾಸ್ 25ರಲ್ಲಿ ಬರುತ್ತವೆ. ಪ್ರತಿ ಪ್ರವೇಶವೂ ‘ಇದು ಒಂದು’ ಎಂದು ಹೇಳಿಕೊಟ್ಟಿದೆ. 177ರಿಂದ ಪ್ರವೇಶಗಳು ಮೂರು ಬಾರ್‌ಗೊಮ್ಮೆ ಬರುತ್ತವೆ. ಮೂರು ಮತ್ತು ನಾಲ್ಕು ಕೂಡುವುದು ಹನ್ನೆರಡರಲ್ಲಿ; ಹಾಗಾಗಿ 189, 201ರಲ್ಲಿ ನಿಮ್ಮ ‘ಒಂದು’ ಸಂಗೀತದ ‘ಒಂದ’ರ ಮೇಲೇ ಬೀಳುತ್ತದೆ. ನಿಮ್ಮನ್ನು ದಾರಿ ತಪ್ಪಿಸಿದ್ದು ಈ ಆಕಸ್ಮಿಕ ಹೊಂದಾಣಿಕೆ. ಇನ್ನು 177ರಿಂದ 233ರವರೆಗೆ ಇರುವುದು 57 ಬಾರ್‌ಗಳು. ಮೂರರ 19 ಗುಂಪುಗಳು, ಉಳಿಕೆ ಇಲ್ಲ. ನಾಲ್ಕರಲ್ಲಿ ಎಣಿಸಿದರೆ 14 ಗುಂಪು ಮುಗಿದು ಒಂದು ಬಾರ್ ಉಳಿಯುತ್ತದೆ. 234ರಲ್ಲಿ ನೀವು ‘ಎರಡು’ ಎನ್ನಲು ಕಾರಣ ಆ ಒಂದು ಬಾರ್. ಅಲ್ಲೇ ‘ರಿತ್ಮೋ ದಿ ಕ್ವಾತ್ರೋ ಬತ್ತೂತೆ’, ಅಂದರೆ ನಾಲ್ಕು ಬಾರ್‌ಗಳ ಲಯ, ಎಂಬ ಬರಹವೂ ಇದೆ. ನಿಮ್ಮ ಕಿವಿ ತಪ್ಪಿಲ್ಲ.

ಇನ್ನೊಮ್ಮೆ ಕೇಳುವಾಗ 195ನ್ನು ಕಾಯಿರಿ. ಏಳನೇ ಗುಂಪಿನ ಮೊದಲ ಬಾರ್ ಅದು. ಥೀಮಿನ ಆ ಮೊದಲ ಬಾರ್ ಅನ್ನು ಟಿಂಪನಿ ಕಿತ್ತುಕೊಂಡು ತಾನೇ ಬಾರಿಸುತ್ತದೆ. ಮೂರರ ಗುಂಪಿಗೆ ಅದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಎಷ್ಟು ಸಲ ನುಡಿಸಿದ್ದರೂ ಆ ಏಟಿಗೆ ನನ್ನ ಮೈ ಇಂದಿಗೂ ನೆಟ್ಟಗಾಗುತ್ತದೆ.

ಶ್ರುತಿಪೆಟ್ಟಿಗೆ: ನನಗೂ ಇದೇ ತೊಂದರೆ, ಆದರೆ ಮೊಟ್ಸಾರ್ಟ್‌ನ 40ನೇ ಸಿಂಫನಿಯ ಮೊದಲ ಚಲನೆಯಲ್ಲಿ. 1ನೇ ಬಾರ್‌ನಲ್ಲಿ ಪಕ್ಕವಾದನ ಮಾತ್ರ ಶುರುವಾಗುತ್ತದೆ, ರಾಗ ಆ ಬಾರ್‌ನ ಕೊನೆಯಿಂದ ಎದ್ದು 2ನೇ ಬಾರ್ ಮೇಲೆ ಇಳಿಯುತ್ತದೆ. ನಾನು 2ರಿಂದ ಎಣಿಸುತ್ತೇನೆ. ಇಲ್ಲಿಯೂ ಮೂರರ ಗುಂಪು ಇರಬಹುದೇ?

ಹಳೆಯ ವಯೋಲಾ: ಇಲ್ಲ, ಅದು ಬೇರೆ ಸಮಸ್ಯೆ. ಅಲ್ಲಿ ಗುಂಪಿನ ಅಳತೆಯ ಬಗ್ಗೆ ಜಗಳವಿಲ್ಲ. ಗುಂಪು ಎಲ್ಲಿ ಶುರುವಾಗುತ್ತದೆ ಎಂಬುದೇ ಜಗಳ. ರಾಗವನ್ನು ಹಿಂಬಾಲಿಸಿದರೆ 2, 4, 6 ಭಾರವಾಗಿ ಕೇಳುತ್ತವೆ. ಹಾರ್ಮನಿ ಬದಲಾಗುವುದು 5, 7, 9ರಲ್ಲಿ. ಅದನ್ನು ಹಿಂಬಾಲಿಸಿದರೆ ಬೆಸ ಬಾರ್‌ಗಳೇ ಭಾರ. ನಾನು ಬೆಸ ಬಾರ್‌ಗಳ ಕಡೆಯವನು. ಬಾಸ್ ಮೇಲೆ ಕಿವಿಯಿಟ್ಟು ಕೇಳಿ ನೋಡಿ.

ಶ್ರುತಿಪೆಟ್ಟಿಗೆ: ಕೇಳಿದೆ. ಬಾಸ್ ಕೇಳಿದಾಗ ನಿಮ್ಮಂತೆ, ವಯಲಿನ್ ಕೇಳಿದಾಗ ನನ್ನಂತೆ! ನಾನು ಒಪ್ಪಲಾರೆ, ಅಲ್ಲಗಳೆಯಲೂ ಆರೆ.

ಎಣಿಕೆಗಾರ: ವಯೋಲಾ ಅವರಿಗೆ ಧನ್ಯವಾದ. ಗುರುತುಗಳನ್ನು ಅಳಿಸಿ 177ರಿಂದ ಮೂರು ಮೂರಾಗಿ ಹಾಕಿದೆ, 234ರಲ್ಲಿ ‘ಒಂದು’ ತಾನಾಗಿ ಬಂತು. ಆದರೆ ಒಂದು ಸಂದೇಹ ಉಳಿಯಿತು. ಬರಹ ನೋಡದೆ ಕೇಳುವವನಿಗೆ 177ರಲ್ಲೇ ಮೂರು ಎಂದು ಹೇಗೆ ತಿಳಿಯಬೇಕು? 180ರವರೆಗೆ ಸುಳಿವೇ ಇಲ್ಲವಲ್ಲ?

ಹಳೆಯ ವಯೋಲಾ: ತಿಳಿಯುವುದಿಲ್ಲ. ಹಳೆಯ ನಾಲ್ಕು ಕಿವಿಯಲ್ಲಿ ಓಡುತ್ತಲೇ ಇರುತ್ತದೆ, ನಾಲ್ಕನೆಯ ಬಡಿತ ಬರಬೇಕಾದಲ್ಲಿ ಹೊಸ ‘ಒಂದು’ ಬಂದು ತಳ್ಳುತ್ತದೆ. ಎರಡನೇ ಗುಂಪಿಗೇ ಮೂರು ನೆಲೆಯಾಗುತ್ತದೆ ಎನ್ನುತ್ತೇನೆ.

ಮಂದ್ರ: 9/4 ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೆ ಎರಡನೇ ಗುಂಪಿಗೇ ಎಂಬುದು ನನ್ನ ಅನುಭವವಲ್ಲ. ಇದೀಗ ಕಣ್ಣು ಮುಚ್ಚಿ ಕೇಳಿದೆ. ಟಿಂಪನಿಯ ಏಟು ಬೀಳುವವರೆಗೂ ನನಗೆ ಮೂರು ಎಂಬ ನಂಬಿಕೆ ಬರಲಿಲ್ಲ.