ಪದಚರ್ಚೆ: ‘ಸರಿಪಡಿಸುವ ಕ್ರಮ’ ಎಂದರೆ ಸರಿಪಡಿಸುವುದು ಯಾವುದನ್ನು?

ಪೀಣ್ಯ, ಬೆಂಗಳೂರಿನಿಂದ

ಎಲ್ಲರಿಗೂ ನಮಸ್ಕಾರ. ಎರಡು ಪದ ಬೇಕಾಗಿವೆ. ಸ್ವಲ್ಪ ಹಿನ್ನೆಲೆ ಹೇಳಿಯೇ ಕೇಳುತ್ತೇನೆ.

ನಮ್ಮದು ಸಣ್ಣ ವರ್ಕ್‌ಶಾಪ್. ನಾಲ್ಕು ಸಿಎನ್‌ಸಿ ಲೇತ್, ಎರಡು ಮಿಲ್ಲಿಂಗ್ ಮಷಿನ್, ಒಟ್ಟು 14 ಜನ. ಗುಣಮಟ್ಟದ ಪದ್ಧತಿಗೆ ಕೊಡುವ ಐಎಸ್‌ಒ 9001 ಸರ್ಟಿಫಿಕೇಟ್ ಇಲ್ಲದಿದ್ದರೆ ಮುಂದಿನ ವರ್ಷದಿಂದ ಆರ್ಡರ್ ಇಲ್ಲ ಎಂದು ನಮ್ಮ ದೊಡ್ಡ ಗಿರಾಕಿ ಹೇಳಿದ್ದಾರೆ. ನಾಲ್ಕು ತಿಂಗಳಿಂದ ತಯಾರಿ ನಡೆದಿದೆ. ಮಷಿನ್ ಮುಂದೆ ನಿಲ್ಲುವವರು ಓದಬೇಕಾದ ಕಾಗದಗಳನ್ನೆಲ್ಲ ನಾನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಓದಲು ಬಾರದ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿ ಏನು ಪ್ರಯೋಜನ?

ಮಾಲು ಕೆಟ್ಟಾಗ ತುಂಬಬೇಕಾದ ಒಂದು ಫಾರಂ ಇದೆ. ಇಂಗ್ಲಿಷ್ ಮಾದರಿಯಲ್ಲಿ ಕರೆಕ್ಷನ್, ಕರೆಕ್ಟಿವ್ ಆಕ್ಷನ್ ಎಂದು ಬೇರೆ ಬೇರೆ ಎರಡು ಕಲಂ ಇದ್ದವು. ಎರಡೂ ಒಂದೇ ಅಲ್ವಾ ಎಂದುಕೊಂಡು ನಾನು ಒಂದೇ ಕಲಂ ಮಾಡಿ, ತಲೆಬರಹಕ್ಕೆ ‘ಸರಿಪಡಿಸುವ ಕ್ರಮ’ ಎಂದು ಬರೆದೆ.

ಹೋದ ವಾರ ಮೊದಲ ಇಂಟರ್ನಲ್ ಆಡಿಟ್ ಮಾಡಿದೆವು. ತಮ್ಮ ಕೆಲಸವನ್ನು ತಾವೇ ಆಡಿಟ್ ಮಾಡಬಾರದಲ್ಲ, ಹಾಗಾಗಿ ಮಷಿನ್ ಸೆಕ್ಷನ್ನನ್ನು ಸ್ಟೋರ್ ನೋಡಿಕೊಳ್ಳುವ ಮೇಡಂ ನೋಡಿದರು. ಒಂಬತ್ತು ಫಾರಂ ತೆಗೆದರು. ಎಂಟರಲ್ಲಿ ಆ ಕಲಂನಲ್ಲಿ ಇದ್ದದ್ದು ಇಷ್ಟು: ‘ಮತ್ತೆ ಬೋರ್ ಮಾಡಲಾಗಿದೆ’, ‘ಬೇರೆ ಪೀಸ್ ಕೊಡಲಾಗಿದೆ’, ‘ಆಪರೇಟರ್‌ಗೆ ತಿಳಿಹೇಳಲಾಗಿದೆ’. ಅದರಲ್ಲಿ ಮೂರು ಫಾರಂ ಒಂದೇ ಬುಶ್‌ನವು. ಒಂದೇ ತೊಂದರೆ, ಮೂರು ತಿಂಗಳಲ್ಲಿ ಮೂರು ಸಲ.

ನಮ್ಮ ಹುಡುಗರ ತಪ್ಪು ಏನೂ ಇಲ್ಲ. ಸರಿಪಡಿಸಿ ಎಂದು ಕೇಳಿದೆ, ಸರಿಪಡಿಸಿದ್ದನ್ನು ಬರೆದರು. ನನ್ನ ಪದವೇ ದಾರಿ ತಪ್ಪಿಸಿದೆ. ಈ ಎರಡಕ್ಕೂ, ಓದಿದ ಕೂಡಲೇ ಬೇರೆ ಬೇರೆ ಎಂದು ಗೊತ್ತಾಗುವ ಪದ ಹೇಳುತ್ತೀರಾ?

ಮೈಸೂರಿನಿಂದ

ನಿಮ್ಮ ಪತ್ರ ಓದಿ ಸಂತೋಷವಾಯಿತು. ನಾನು 31 ವರ್ಷ ಬ್ಯಾಂಕಿನಲ್ಲಿದ್ದವನು. ಆಡಿಟ್‌ಗೆ ‘ಲೆಕ್ಕಪರಿಶೋಧನೆ’ ಎಂಬ ಪದ ಇದ್ದೇ ಇದೆ. ಒಳಗಿನವರೇ ಮಾಡಿದರೆ ‘ಆಂತರಿಕ ಲೆಕ್ಕಪರಿಶೋಧನೆ’. ಹೊಸದಾಗಿ ಹುಡುಕುವ ಅಗತ್ಯ ಕಾಣಲಿಲ್ಲ. ತಪ್ಪು ನಮೂದಾದರೆ ನಾವು ಅದನ್ನು ಅಳಿಸುತ್ತಿರಲಿಲ್ಲ. ಎದುರು ನಮೂದು ಹಾಕಿ ಸಹಿ ಮಾಡುತ್ತಿದ್ದೆವು. ಅದಕ್ಕೆ ‘ತಿದ್ದುಪಡಿ’ ಎನ್ನಬಹುದು.

ಪೀಣ್ಯದಿಂದ

ಸರ್, ಧನ್ಯವಾದ. ಆದರೆ ಇಲ್ಲಿ ಲೆಕ್ಕದ ಮಾತಿಲ್ಲ. ಬರೆದಿಟ್ಟ ವಿಧಾನದಂತೆ ಕೆಲಸ ನಡೆಯುತ್ತಿದೆಯೇ ಎಂದು ನೋಡುವ ಆಡಿಟ್ ಇದು. ಆ ಪದದಲ್ಲೂ ನಾನು ಎಡವಿದ್ದೇನೆ. ನೋಟಿಸ್‌ನಲ್ಲಿ ‘ಸೋಮವಾರ ಆಂತರಿಕ ತಪಾಸಣೆ’ ಎಂದು ಹಾಕಿದ್ದೆ. ನಮ್ಮಲ್ಲಿ ತಪಾಸಣೆ ಎಂದರೆ ಪೀಸ್ ಅಳೆಯುವುದು. ಎಲ್ಲರೂ ಒಳ್ಳೊಳ್ಳೆ ಪೀಸ್‌ಗಳನ್ನು ಒರೆಸಿ ಟೇಬಲ್ ಮೇಲೆ ಜೋಡಿಸಿಟ್ಟು ಕಾಯುತ್ತಿದ್ದರು. ಪಾಪ, ಯಾರೂ ಪುಸ್ತಕ ತೆಗೆದಿರಲಿಲ್ಲ.

ಇನ್ನು ‘ತಿದ್ದುಪಡಿ’ಯನ್ನು ಆಗಲೇ ಬೇರೆ ಕಡೆ ಬಳಸಿಬಿಟ್ಟಿದ್ದೇನೆ. ಪ್ರತಿ ಕಾಗದದ ಮೂಲೆಯಲ್ಲಿ ‘ತಿದ್ದುಪಡಿ ಸಂಖ್ಯೆ 02’ ಎಂದು ಇರುತ್ತದೆ. ಹಳೆಯ ಪ್ರತಿ ಯಾವುದು, ಹೊಸದು ಯಾವುದು ಎಂದು ತಿಳಿಯುವುದೇ ಅದರಿಂದ.

ಶಿವಮೊಗ್ಗದಿಂದ

ಕನ್ನಡ ಮೇಷ್ಟ್ರು ನಾನು. ಮಷಿನ್ ವಿಷಯ ತಿಳಿಯದು, ಪದದ ಬಗ್ಗೆ ಹೇಳಬಲ್ಲೆ.

‘ತಿದ್ದುಪಡಿ’ ಬೇಡ, ಸರಿ. ಆದರೆ ‘ತಿದ್ದು’ ಎಂಬ ಧಾತುವನ್ನು ಕೈಬಿಡಬೇಡಿ. ಮಕ್ಕಳು ಅಕ್ಷರ ತಿದ್ದುತ್ತಾರೆ, ಮೀಸೆ ತಿದ್ದುತ್ತಾರೆ, ಹುಬ್ಬು ತಿದ್ದುತ್ತಾರೆ. ಎಲ್ಲ ಕಡೆಯೂ ಕಣ್ಣ ಮುಂದಿರುವ ವಸ್ತುವಿನ ಮೇಲೆಯೇ ಕೈ ಆಡುತ್ತದೆ. ಕೆಟ್ಟ ಪೀಸನ್ನು ಸರಿಮಾಡುವುದಕ್ಕೆ ಇದು ಹೊಂದುತ್ತದೆ. ‘ತಿದ್ದಿದ್ದು’ ಎಂದರೆ ಸಾಕು.

ಎರಡನೆಯದಕ್ಕೆ ‘ಮುನ್ನೆಚ್ಚರಿಕೆ ಕ್ರಮ’ ಆಗದೇ? ಮುಂದೆ ಆಗದಂತೆ ನೋಡಿಕೊಳ್ಳುವುದು ತಾನೇ?

ಹುಬ್ಬಳ್ಳಿಯಿಂದ

ನಾನು ಹದಿನೈದು ವರ್ಷದಿಂದ ಇಂಥ ಆಡಿಟ್ ಮಾಡುತ್ತಿರುವವಳು. ಮೇಷ್ಟ್ರು ಹೇಳಿದ್ದು ಅರ್ಧ ಸರಿ. ‘ತಿದ್ದಿದ್ದು’ ಚೆನ್ನಾಗಿದೆ. ‘ಮುನ್ನೆಚ್ಚರಿಕೆ’ ಮಾತ್ರ ಒಪ್ಪಲಾರೆ. ಇನ್ನೂ ಆಗದೇ ಇರುವುದಕ್ಕೆ ಮೊದಲೇ ಎಚ್ಚರ ವಹಿಸುವುದು ಮುನ್ನೆಚ್ಚರಿಕೆ. ಇಲ್ಲಿ ತೊಂದರೆ ಆಗಿಹೋಗಿದೆ, ಅದರ ಕಾರಣವನ್ನು ತೆಗೆಯಬೇಕಾಗಿದೆ. ಐಎಸ್‌ಒ 9001ರ 2008ರ ಆವೃತ್ತಿಯಲ್ಲಿ ಮುನ್ನೆಚ್ಚರಿಕೆಗೆ ಪ್ರಿವೆಂಟಿವ್ ಆಕ್ಷನ್ ಎಂದು ಬೇರೆಯೇ ವಿಭಾಗ ಇತ್ತು. ನೀವು ಹೇಳುವ ಪದ ಅದಕ್ಕೆ ಸರಿಯಾಗುತ್ತಿತ್ತು. 2015ರ ಆವೃತ್ತಿಯಲ್ಲಿ ಆ ವಿಭಾಗ ತೆಗೆದು, ಅಪಾಯಗಳನ್ನು ಮೊದಲೇ ಯೋಚಿಸಿ ಎಂಬ ಮಾತನ್ನು ಇಡೀ ಪದ್ಧತಿಗೇ ಅನ್ವಯಿಸಿದ್ದಾರೆ. ಕರೆಕ್ಷನ್, ಕರೆಕ್ಟಿವ್ ಆಕ್ಷನ್ ಎರಡೂ ಹಾಗೇ ಉಳಿದಿವೆ.

ಪದ ಹುಡುಕುವ ಮೊದಲು ಪೀಣ್ಯದ ಅಣ್ಣನವರನ್ನು ಒಂದು ಕೇಳುತ್ತೇನೆ. ಆ ಬುಶ್‌ನ ಕಥೆ ಪೂರ್ತಿ ಹೇಳಿ. ಕಥೆಯಲ್ಲೇ ಪದ ಸಿಗಬಹುದು.

ಪೀಣ್ಯದಿಂದ

ಹೇಳುತ್ತೇನೆ ಮೇಡಂ. ಬುಶ್‌ನ ಬೋರ್, ಅಂದರೆ ಒಳಗಿನ ತೂತು, 25 ಮಿ.ಮೀ. ಕೆಳಗೆ ಸೊನ್ನೆ, ಮೇಲೆ 21 ಮೈಕ್ರಾನ್. ಅಂದರೆ 25.000ದಿಂದ 25.021ರವರೆಗೆ ಇರಬೇಕು. 200ರ ಲಾಟ್‌ನಲ್ಲಿ ಕೊನೆಯ ಕಡೆಯ 18 ಪೀಸ್‌ಗಳಿಗೆ ಪ್ಲಗ್ ಗೇಜ್‌ನ ‘ಗೋ’ ತುದಿಯೇ ಹೋಗಲಿಲ್ಲ. ಬೋರ್ ಚಿಕ್ಕದಾಗಿತ್ತು. ಲೋಹ ಕೊರೆಯುವ ತುದಿ, ಅಂದರೆ ಇನ್ಸರ್ಟ್, ಹೊಸದು ಹಾಕಿ ಮತ್ತೆ ಬೋರ್ ಮಾಡಿ, ಗೇಜ್ ಹಾಕಿ ನೋಡಿ ಕಳಿಸಿದೆವು. ಫಾರಂನಲ್ಲಿ ಕಾರಣ: ‘ಆಪರೇಟರ್ ಅಜಾಗರೂಕತೆ’. ಸರಿಪಡಿಸುವ ಕ್ರಮ: ‘ಮತ್ತೆ ಬೋರ್ ಮಾಡಲಾಗಿದೆ, ತಿಳಿಹೇಳಲಾಗಿದೆ’. ಮುಂದಿನ ತಿಂಗಳು ಮತ್ತೆ ಅದೇ.

ಹುಬ್ಬಳ್ಳಿಯಿಂದ

ನೋಡಿ, ಮತ್ತೆ ಬೋರ್ ಮಾಡಿದ್ದು ಆ 18 ಪೀಸ್‌ಗೆ ಮಾಡಿದ ಉಪಚಾರ. ಅಲ್ಲಿಗೆ ಕರೆಕ್ಷನ್ ಮುಗಿಯಿತು. ಆ 18ನ್ನು ಕೆಂಪು ಟ್ರೇಗೆ ಹಾಕಿ ಬೇರೆ ಇಟ್ಟಿದ್ದರೆ ಅದೂ ಇದರಲ್ಲೇ ಸೇರುತ್ತದೆ.

ಇನ್ನು ಕಾರಣ. ಬೋರಿಂಗ್ ಮಾಡುವಾಗ ಇನ್ಸರ್ಟ್‌ನ ತುದಿ ಸವೆದರೆ ಬೋರ್ ಚಿಕ್ಕದಾಗುತ್ತಾ ಹೋಗುತ್ತದೆ. ಕೆಟ್ಟದ್ದು ಲಾಟ್‌ನ ಕೊನೆಯ ಪೀಸ್‌ಗಳೇ ಎಂದರೆ ಮೊದಲ ಅನುಮಾನ ಅದರ ಮೇಲೆ. ಸವೆತ ತಾನೇ ಎಂದು ಗೊತ್ತುಮಾಡಿಕೊಳ್ಳಲು ಒಂದು ಲಾಟ್‌ನ ಪ್ರತಿ ಹತ್ತನೇ ಪೀಸನ್ನು ಬೋರ್ ಗೇಜ್‌ನಲ್ಲಿ ಅಳೆದು ಬರೆಯಿರಿ. ಅಳತೆ ಮೆಲ್ಲಗೆ ಒಂದೇ ಕಡೆಗೆ ಇಳಿಯುತ್ತಿದ್ದರೆ ಸವೆತ. ಒಮ್ಮೆಲೇ ಜಿಗಿದರೆ ಬೇರೆ ಏನೋ ಇದೆ. ಹಿಡಿತ ಸಡಿಲವಾಗಿರಬಹುದು, ಆಫ್‌ಸೆಟ್ ತಪ್ಪಾಗಿ ಹಾಕಿರಬಹುದು.

ಆಮೇಲೆ ನಿಮ್ಮ ಕಾಗದವನ್ನೇ ಓದಿ. ಅಳತೆ ಯಾವಾಗ ನೋಡಬೇಕೆಂದು ಬರೆದಿದೆ? ಇನ್ಸರ್ಟ್ ಎಷ್ಟು ಪೀಸ್‌ಗೆ ಬದಲಿಸಬೇಕೆಂದು ಎಲ್ಲಾದರೂ ಇದೆಯಾ? ಇಲ್ಲದಿದ್ದರೆ ಕಾರಣ ಆ ಹುಡುಗ ಅಲ್ಲ, ಆ ಕಾಗದ. ಆ ಕಾಗದವನ್ನೂ ಅದರಂತೆ ನಡೆಯುವ ಕೆಲಸವನ್ನೂ ಬದಲಿಸುವುದೇ ಕರೆಕ್ಟಿವ್ ಆಕ್ಷನ್. ‘ತಿಳಿಹೇಳಲಾಗಿದೆ’ ಎಂಬ ವಾಕ್ಯವನ್ನು ನಾನು ನೂರಾರು ಫಾರಂಗಳಲ್ಲಿ ಓದಿದ್ದೇನೆ. ಅದರ ಕೆಳಗೆ ಹೆಚ್ಚಾಗಿ ಅದೇ ತೊಂದರೆಯ ಇನ್ನೊಂದು ಫಾರಂ ಇರುತ್ತದೆ.

ನನಗೆ ಹೊಳೆಯುವ ಪದ ‘ಮರುಕಳಿಕೆ ತಡೆ’. ಜ್ವರ ಮರುಕಳಿಸಿತು ಅನ್ನುತ್ತೇವಲ್ಲ, ಹಾಗೆ. ಮಾತ್ರೆ ಕೊಟ್ಟು ಜ್ವರ ಇಳಿಸುವುದು ಒಂದು, ಅದು ಮರುಕಳಿಸದಂತೆ ಮಾಡುವುದು ಇನ್ನೊಂದು.

ಬೆಳಗಾವಿಯಿಂದ

ನಾನು ಇಪ್ಪತ್ತೆರಡು ವರ್ಷ ಲೇತ್ ಮೇಲೆ ಕೆಲಸ ಮಾಡಿದವನು. ಎರಡೇ ಮಾತು.

ನಾನು ಮೊದಲಿದ್ದ ಕಾರ್ಖಾನೆಯಲ್ಲಿ ಇಂಥದೇ ಫಾರಂ ಇತ್ತು. ಮೊದಲ ಕಲಂ ‘ತಪ್ಪು’, ಪಕ್ಕದಲ್ಲೇ ‘ತಪ್ಪು ಮಾಡಿದವರ ಹೆಸರು’. ವರ್ಷಕ್ಕೆ ನಾಲ್ಕು ಫಾರಂ ಬರುತ್ತಿದ್ದವು. ಮಾಲು ಕೆಡುತ್ತಿರಲಿಲ್ಲ ಅಂತಲ್ಲ. ಕೆಟ್ಟ ಪೀಸ್ ಸ್ಕ್ರ್ಯಾಪ್ ಡಬ್ಬಿಯ ತಳಕ್ಕೆ ಹೋಗುತ್ತಿತ್ತು, ಮೇಲೆ ಲೋಹದ ಚೂರು ಹಾಕಿ ಮುಚ್ಚುತ್ತಿದ್ದೆವು. ನಾನೂ ಮುಚ್ಚಿದ್ದೇನೆ. ಅದಕ್ಕೆ ನನ್ನ ಬೇಡಿಕೆ ಇಷ್ಟೇ: ನಿಮ್ಮ ಕಲಂಗಳಿಗೆ ಹೆಸರುಪದ ಬೇಡ, ಪ್ರಶ್ನೆ ಕೇಳಿ. ‘ಏನಾಯಿತು?’ ಅಂದರೆ ಯಾರಾದರೂ ಬರೆಯುತ್ತಾರೆ. ‘ಮರುಕಳಿಕೆ ತಡೆ’ ಅಂದರೆ ನಮ್ಮ ಕಡೆ ಹುಡುಗರು ಮತ್ತೆ ನಿಮ್ಮ ಮುಖ ನೋಡುತ್ತಾರೆ.

ಶಿವಮೊಗ್ಗದಿಂದ

ಬೆಳಗಾವಿಯವರ ಮಾತು ನನಗೆ ನಾಟಿತು. ಆದರೂ ಒಂದು ಹೆಸರು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಫಾರಂನಲ್ಲಿ ಪ್ರಶ್ನೆ ಇರಲಿ. ಕಾರ್ಯವಿಧಾನದ ಪುಸ್ತಕದಲ್ಲಿ, ಮೀಟಿಂಗಿನಲ್ಲಿ ಅದನ್ನು ಏನೆಂದು ಕರೆಯುತ್ತೀರಿ?

ಇನ್ನೊಂದು ಗಮನಿಸಿದೆ. ‘ಮಾಡಲಾಗಿದೆ’, ‘ಹೇಳಲಾಗಿದೆ’ ಎಂದೇ ಎಲ್ಲರೂ ಬರೆದಿದ್ದಾರೆ. ಮಾಡಿದ್ದು ಯಾರು? ಮಾತಿನಲ್ಲಿ ನಾವು ಹೀಗೆ ಹೇಳುವುದೇ ಇಲ್ಲ. ‘ನಾನು ಅಳೆದೆ’ ಅನ್ನುತ್ತೇವೆ. ಈ ‘ಲಾಗಿದೆ’ ಕಚೇರಿಯ ಕಾಗದದಿಂದ ಬಂದದ್ದು. ನಿಮ್ಮ ಕಾರ್ಯವಿಧಾನದಲ್ಲೂ ‘ಅಳತೆ ತೆಗೆಯಲಾಗುವುದು’ ಎಂದಿದ್ದರೆ ‘ಆಪರೇಟರ್ ಅಳತೆ ತೆಗೆದು ಬರೆಯಬೇಕು’ ಎಂದು ಬದಲಿಸಿ.

ಹುಬ್ಬಳ್ಳಿಯಿಂದ

ಮೇಷ್ಟ್ರೇ, ಇದು ನೂರಕ್ಕೆ ನೂರು ಸರಿ. ಆಡಿಟ್‌ನಲ್ಲಿ ನಾನು ಜಾಸ್ತಿ ಕೇಳುವ ಪ್ರಶ್ನೆಯೇ ‘ಯಾರು?’ ಎಂಬುದು.

ಪೀಣ್ಯದಿಂದ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರ ಮಾತನ್ನೂ ಮಾಡಿ ನೋಡಿಯೇ ಬರೆಯೋಣ ಎಂದುಕೊಂಡಿದ್ದೆ.

ಹತ್ತನೇ ಪೀಸ್‌ಗೊಮ್ಮೆ ಅಳೆದೆವು. ಮೇಡಂ ಹೇಳಿದಂತೆ ಅಳತೆ ಮೆಲ್ಲಗೆ ಇಳಿಯಿತು. 90 ಪೀಸ್ ದಾಟಿದ ಮೇಲೆ 25.000ದ ಹತ್ತಿರ ಬಂತು. ನಮ್ಮ ಹಳೆಯ ಕಾಗದದಲ್ಲಿ ‘ಶಿಫ್ಟ್ ಶುರುವಿನಲ್ಲಿ, ಊಟದ ನಂತರ ಅಳೆಯಬೇಕು’ ಎಂದಷ್ಟೇ ಇತ್ತು. ಇನ್ಸರ್ಟ್ ಮಾತೇ ಇರಲಿಲ್ಲ. ಹುಡುಗರು ಸದ್ದು ಕೇಳಿ ಬದಲಿಸುತ್ತಿದ್ದರು. ಈಗ ‘70 ಪೀಸ್‌ಗೆ ಆಪರೇಟರ್ ಇನ್ಸರ್ಟ್ ಬದಲಿಸಬೇಕು. ಬದಲಿಸಿದ ಮೇಲೆ ಮೊದಲ ಪೀಸ್ ಅಳೆದು ಬರೆಯಬೇಕು. ಪ್ರತಿ ಹತ್ತನೇ ಪೀಸ್‌ಗೆ ಗೇಜ್ ಹಾಕಬೇಕು’ ಎಂದು ಬರೆದಿದ್ದೇನೆ. ಈ ಇನ್ಸರ್ಟ್‌ಗೆ, ಈ ಮೆಟೀರಿಯಲ್‌ಗೆ ಮಾತ್ರ 70. ಬೇರೆ ಜಾಬ್‌ಗೆ ಮತ್ತೆ ಅಳೆದೇ ಗೊತ್ತುಮಾಡಬೇಕು. ಕಾಗದದ ಮೂಲೆಯಲ್ಲಿ ತಿದ್ದುಪಡಿ ಸಂಖ್ಯೆ 03 ಆಯಿತು. 02ರ ಪ್ರತಿಗಳನ್ನು ಮಷಿನ್ ಹತ್ತಿರದಿಂದ ನಾನೇ ಕಿತ್ತು ತಂದೆ.

ಫಾರಂನಲ್ಲಿ ಈಗ ಐದು ಪ್ರಶ್ನೆ ಇವೆ. ಏನಾಯಿತು? ಆ ಪೀಸ್‌ಗಳಿಗೆ ಏನು ಮಾಡಿದಿರಿ? ಯಾಕೆ ಹೀಗಾಯಿತು? ಮರುಕಳಿಸದಂತೆ ಏನು ಬದಲಿಸಿದಿರಿ? ಬದಲಿಸಿದ್ದು ಫಲ ಕೊಟ್ಟಿತೇ? ಕೊನೆಯದನ್ನು ಕೂಡಲೇ ತುಂಬುವಂತಿಲ್ಲ. ಮುಂದಿನ ಮೂರು ಲಾಟ್ ನೋಡಿ ಸ್ಟೋರ್ ಮೇಡಂ ತುಂಬುತ್ತಾರೆ. ಒಂದು ಲಾಟ್ ಮುಗಿದಿದೆ, 200ಕ್ಕೆ 200 ಸರಿ ಬಂದಿವೆ. ಎರಡು ಬಾಕಿ.

ಪುಸ್ತಕದಲ್ಲಿ ಸದ್ಯಕ್ಕೆ ‘ತಿದ್ದಿಕೆ’, ‘ಮರುಕಳಿಕೆ ತಡೆ’ ಎಂದು ಹಾಕಿದ್ದೇನೆ. ‘ತಿದ್ದಿಕೆ’ ಕಿವಿಗೆ ಹೊಸದು, ಮೇಷ್ಟ್ರು ಒಪ್ಪುತ್ತಾರೋ ಕೇಳಬೇಕು. ಆಡಿಟ್‌ಗೆ ‘ಆಡಿಟ್’ ಎಂದೇ ಬಿಟ್ಟೆ. ನೋಟಿಸ್ ಹೀಗೆ ಬದಲಾಗಿದೆ: ‘ಸೋಮವಾರ ಆಡಿಟ್. ಬರೆದಂತೆ ಕೆಲಸ ನಡೆಯುತ್ತಿದೆಯೇ ಎಂದು ಕೇಳುತ್ತಾರೆ. ಪೀಸ್ ಜೋಡಿಸುವುದು ಬೇಡ, ಪುಸ್ತಕ ಇಟ್ಟುಕೊಳ್ಳಿ.’

ಒಂದು ಉಳಿದಿದೆ. ಪಾಲಿಸಬೇಕಾದ ಕಾಗದಕ್ಕೂ ‘ದಾಖಲೆ’, ತುಂಬಿ ಇಟ್ಟ ಫಾರಂಗೂ ‘ದಾಖಲೆ’ ಎಂದೇ ಬರೆಯುತ್ತಿದ್ದೇನೆ. ಮೊದಲನೆಯದು ಬದಲಾಗುತ್ತಿರಬೇಕು, ಎರಡನೆಯದು ಬದಲಾಗಲೇಬಾರದು. ಇವಕ್ಕೂ ಎರಡು ಪದ ಬೇಕು.